ಪಾರ್ಸೆಲು ಚೀಟಿಗಳ ಭಾಷಾಂತರ: ಕ್ಯೋಟೋ ನಗರದ ಒಂದು ಪೆಟ್ಟಿಗೆಯ ನಿದರ್ಶನ

ಭಾಷಾಂತರದ ವಿಚಾರ ಬಂದಾಗ ನಮ್ಮ ಪಂಡಿತರ ದೃಷ್ಟಿ ಕಾವ್ಯನಾಟಕಗಳ ಕಡೆಗೆ ಹರಿಯುವುದು ಸಹಜವಾದುದು. ಆದರೆ ಅಂಗೈಯಗಲದ ಒಂದು ಚೀಟಿಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವಾಗಲೂ ಶಬ್ದಾರ್ಥಗಳ ಸಂಬಂಧವನ್ನು ಕುರಿತ ಕೆಲವು ಕಠಿನವಾದ ಪ್ರಶ್ನೆಗಳು ಎದುರಾಗುವುವು. ಅಲ್ಲಿ ತಪ್ಪಿದರೆ ಅದರ ಫಲವು ವಿಮರ್ಶಕನ ಆಕ್ಷೇಪಣೆಯಲ್ಲಿ ಮುಗಿಯದೆ, ಒಡೆದ ಪಾತ್ರೆಯಲ್ಲಿಯೋ ಮರಳಿಹೋದ ಪೆಟ್ಟಿಗೆಯಲ್ಲಿಯೋ ಕಾಣಿಸಿಕೊಳ್ಳುವುದು. ಪಾರ್ಸೆಲಿನ ಮೇಲಿನ ಬರಹದಲ್ಲಿ ಮೂರು ಭಾಗಗಳಿವೆ: ಮೇಲ್ವಿಳಾಸ, ಪೆಟ್ಟಿಗೆಯನ್ನು ಹೇಗೆ ಹಿಡಿಯಬೇಕೆಂಬ ಸೂಚನೆ, ಒಳಗಿನ ವಸ್ತುವಿನ ವರ್ಣನೆ. ಈ ಮೂರಕ್ಕೂ ಒಂದೇ ವಿಧವಾದ ಭಾಷಾಂತರವು ಒಪ್ಪುವುದಿಲ್ಲವೆಂಬುದನ್ನು ಒಂದು ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವ್ಯಾಸಂಗಕ್ಕಾಗಿ ಜಪಾನಿನ ಕ್ಯೋಟೋ ನಗರದಲ್ಲಿದ್ದಾಳೆ. 2024ರ ಮೇ ತಿಂಗಳಿನಲ್ಲಿ ಅವಳು ಒಬ್ಬ ಕುಂಬಾರನ ಅಂಗಡಿಯಿಂದ ನಾಲ್ಕು ಲೋಟಗಳನ್ನು ತರಿಸಿ, ಅವನ್ನು ಕಟ್ಟು ಬಿಚ್ಚದೆ ಮೈಸೂರಿನಲ್ಲಿರುವ ತನ್ನ ತಂದೆತಾಯಿಗಳಿಗೆ ಕಳುಹಿಸಬೇಕೆಂದಿದ್ದಳು. ಜಪಾನೀ ಭಾಷೆಯನ್ನು ಅವಳು ಕಲಿಯಲು ಆರಂಭಿಸಿ ಆಗ ಒಂದು ವರ್ಷವಾಗಿತ್ತು. ಅಕ್ಷರಗಳ ಅರ್ಥವನ್ನು ಒಂದೊಂದಾಗಿ ಬಲ್ಲಳು, ವ್ಯವಹಾರದ ರೂಢಿಯನ್ನು ಅಷ್ಟಾಗಿ ಅರಿಯಳು. ನಾನು ಹಿಂದೆ ಕೆಲವು ಕಾಲ ಆ ಭಾಷೆಯನ್ನು ಅಭ್ಯಾಸಮಾಡಿದವನಾದ್ದರಿಂದ, ತನಗೆ ಬಂದ ಚೀಟಿಗಳ ಛಾಯಾಚಿತ್ರಗಳನ್ನು ನನಗೆ ಕಳುಹಿಸಿದಳು. ಮುಂದೆ ಹೇಳುವುದೆಲ್ಲ ಆ ಚಿತ್ರಗಳನ್ನು ಓದಿದ ಕಥೆಯೇ.

1. ಬಾಗಿಲಿಗೆ ಬಂದ ಚೀಟಿ

ಮೊದಲನೆಯ ಚಿತ್ರವು, ಮನೆಯಲ್ಲಿ ಯಾರೂ ಇಲ್ಲದಾಗ ಪೆಟ್ಟಿಗೆ ತಂದವನು ಬಿಟ್ಟುಹೋದ ಚೀಟಿಯದು. ಇದಕ್ಕೆ ಜಪಾನಿನಲ್ಲಿ ‘ಗೋಫುಜಾಯ್ ರೆನ್‌ರಾಕುಹ್ಯೋ’ ಎಂದು ಹೆಸರು. ‘ತಾವು ಇಲ್ಲದಿದ್ದಾಗ ಬಂದೆವೆಂಬ ತಿಳಿವಳಿಕೆ’ ಎಂದರ್ಥ. ನನ್ನ ವಿದ್ಯಾರ್ಥಿನಿಯು ಚೀಟಿಯಲ್ಲಿದ್ದುದನ್ನೆಲ್ಲ ಸಾಲುಸಾಲಾಗಿ ಕನ್ನಡಕ್ಕೆ ಇಳಿಸಿ, ‘ಲೋಟಗಳಿಗೆ ಹಣವನ್ನು ಮೊದಲೇ ಕೊಟ್ಟಿದ್ದೇನೆ, ಮತ್ತೆ ಎರಡು ಬಗೆಯ ಹಣವನ್ನು ಕೇಳುತ್ತಿದ್ದಾರೆ, ಇದೇನು ಅನ್ಯಾಯ?’ ಎಂದು ಬರೆದಿದ್ದಳು.

ಅವಳ ಶಬ್ದಾರ್ಥದಲ್ಲಿ ತಪ್ಪಿರಲಿಲ್ಲ. ‘ಚಾಕುಬರಾಯ್’ ಎಂದರೆ ಸಾಗಣೆಯ ಕೂಲಿಯನ್ನು ಪಡೆಯುವವನು ಕೊಡತಕ್ಕದ್ದೆಂದು. ‘ದಾಯ್‌ಬಿಕಿ’ ಎಂದರೆ ವಸ್ತುವಿನ ಬೆಲೆಯನ್ನು ಪಡೆಯುವಾಗ ಕೊಡತಕ್ಕದ್ದೆಂದು. ಎರಡನ್ನೂ ‘ಬಂದಾಗ ಹಣ’ ಎಂದು ಒಂದೇ ಮಾತಿನಲ್ಲಿ ಹೇಳುವವರು ಇದ್ದಾರೆ. ಅದು ಸಲ್ಲದು, ಒಂದು ಹಣ ಸಾಗಿಸಿದವನಿಗೆ, ಇನ್ನೊಂದು ಮಾರಿದವನಿಗೆ. ಆದರೆ ಇಲ್ಲಿ ಅವೆರಡೂ ಆಕೆಗೆ ಸಂಬಂಧಪಟ್ಟಿರಲೇ ಇಲ್ಲ. ಇಂತಹ ಚೀಟಿಯಲ್ಲಿ ಆಗಬಹುದಾದ ಎಲ್ಲ ಸಂದರ್ಭಗಳನ್ನೂ ಮೊದಲೇ ಅಚ್ಚುಹಾಕಿಸಿರುತ್ತಾರೆ. ಬಂದವನು ತನ್ನ ಲೇಖನಿಯಿಂದ ಯಾವುದನ್ನು ಸುತ್ತುಹಾಕುವನೋ ಅದು ಮಾತ್ರ ಸಂದೇಶ. ಉಳಿದುದು ಬರಿಯ ಹಾಳೆ. ವಿದ್ಯಾರ್ಥಿನಿಯು ಅಚ್ಚನ್ನು ಓದಿದ್ದಳು, ಸುತ್ತನ್ನು ಓದಿರಲಿಲ್ಲ. ಅವಳ ಚಿತ್ರದಲ್ಲಿ ಚೀಟಿಯ ಎಡದ ಅಂಚು ಕತ್ತರಿಸಿಹೋಗಿ, ಸುತ್ತಿನ ಅರ್ಧವು ಮಾತ್ರ ಕಾಣುತ್ತಿದ್ದಿತು. ಇಡಿಯ ಚೀಟಿಯ ಚಿತ್ರವನ್ನು ತರಿಸಿ ನೋಡಿದಾಗ, ‘ಸಾಮಾನ್ಯ ಪೆಟ್ಟಿಗೆ’ ಎಂಬಲ್ಲಿಗೆ ಸುತ್ತು ಬಿದ್ದಿದ್ದುದು ಸ್ಪಷ್ಟವಾಯಿತು. ಆದಕಾರಣ ಇಂತಹ ಚಿತ್ರಗಳನ್ನು ಓದುವವನು ನಾಲ್ಕು ಅಂಚುಗಳೂ ಕಾಣುತ್ತವೆಯೆ ಎಂಬುದನ್ನು ಮೊದಲು ನೋಡಿ, ಅನಂತರ ಕೈಬರಹದ ಗುರುತುಗಳನ್ನು ಹುಡುಕಿ, ಅವುಗಳ ಎದುರಿಗಿರುವ ಅಚ್ಚನ್ನಷ್ಟೇ ಅನುವಾದಿಸತಕ್ಕದ್ದು.

ಚೀಟಿಯಲ್ಲಿ ನಿಜವಾಗಿ ಅವಸರದ ಮಾತು ಬೇರೆಯೊಂದಿದ್ದಿತು. ‘ಹೋಕಾನ್ ಕಿಗೆನ್’ ಎಂಬುದರ ಎದುರಿಗೆ ‘6–5–15’ ಎಂದು ಬರೆದಿತ್ತು. ಇದು ಜಪಾನೀಯರ ರೇವಾ ಶಕೆಯ 6ನೆಯ ವರ್ಷ, ಎಂದರೆ 2024ನೆಯ ಇಸವಿ, ಮೇ 15. ‘ಹೋಕಾನ್ ಕಿಗೆನ್’ ಎಂಬುದಕ್ಕೆ ‘ಇಟ್ಟುಕೊಳ್ಳುವ ಅವಧಿ’ ಎಂದು ಹೇಳಿದರೆ ಆ ದಿನದಿಂದ ಅವಧಿಯು ಆರಂಭವಾಗುವುದೋ ಮುಗಿಯುವುದೋ ತಿಳಿಯದು. ‘ಈ ದಿನದ ವರೆಗೆ ಮಾತ್ರ ಇಟ್ಟಿರುತ್ತೇವೆ’ ಎನ್ನಬೇಕು. ಜಪಾನಿನ ಅಂಚೆಯಲ್ಲಿ ಸಾಮಾನ್ಯವಾಗಿ 7 ದಿನ ಕಾದು, ಅನಂತರ ಕಳುಹಿಸಿದವನಿಗೆ ಹಿಂದಿರುಗಿಸುವರು. ಇಲ್ಲದ ಹಣದ ಚಿಂತೆಯಲ್ಲಿ ಅವಳು ಅದಾಗಲೇ ಐದು ದಿನಗಳನ್ನು ಕಳೆದಿದ್ದಳು. ಎರಡು ದಿನ ಉಳಿದಿರುವಾಗ ಪೆಟ್ಟಿಗೆಯು ಅವಳ ಕೈಸೇರಿತು.

2. ಮೇಲ್ವಿಳಾಸ

ಎರಡನೆಯ ಚಿತ್ರವು ಪೆಟ್ಟಿಗೆಯ ಮೇಲಿನ ವಿಳಾಸದ್ದು. ಅವಳ ವಾಸಸ್ಥಳವನ್ನು ಇಲ್ಲಿ ಮುದ್ರಿಸುವುದು ಯುಕ್ತವಲ್ಲ. ಅದೇ ರೀತಿಯ, ಎಲ್ಲರಿಗೂ ತಿಳಿದ ಇನ್ನೊಂದು ವಿಳಾಸವನ್ನು, ಕ್ಯೋಟೋ ನಗರಸಭೆಯ ಕಚೇರಿಯ ವಿಳಾಸವನ್ನು, ತೆಗೆದುಕೊಳ್ಳೋಣ: ‘ಕ್ಯೋಟೋ-ಶಿ, ನಾಕಾಗ್ಯೋ-ಕು, ತೆರಾಮಾಚಿ-ದೋರಿ ಓಇಕೆ ಆಗಾರು, ಕಾಮಿ-ಹೊನ್ನೋಜಿ-ಮಾಎ-ಚೋ, 488’. ಜಪಾನೀಯರು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾರೆ: ನಗರ, ವಿಭಾಗ, ಬೀದಿ, ಕೇರಿ, ಮನೆಯ ಸಂಖ್ಯೆ. ನಾವು ಮನೆಯಿಂದ ಹೊರಟು ಊರಿಗೆ ಏರುತ್ತೇವೆ.

ಇದನ್ನು ಅರ್ಥಾನುಸಾರವಾಗಿ ಕನ್ನಡಿಸಿದರೆ ‘ದೇವಾಲಯಪುರದ ಬೀದಿ, ಪೂಜ್ಯವಾದ ಕೊಳ, ಮೇಲೆ ಹತ್ತು, ಮೇಲಣ ಹೊನ್ನೋ ದೇವಾಲಯದ ಮುಂದಣ ಕೇರಿ’ ಎಂದಾಗುವುದು. ಸೊಗಸಾಗಿಯೇ ಇದೆ, ಆದರೆ ಈ ಹೆಸರಿನ ಬೀದಿಯನ್ನು ಕ್ಯೋಟೋ ನಗರದ ಅಂಚೆಯವನು ಎಂದೂ ಕೇಳಿಲ್ಲ. ವಿಳಾಸದ ಪದಗಳಿಗೆ ವ್ಯುತ್ಪತ್ತಿಯಿದೆ, ಆದರೆ ಚೀಟಿಯ ಮೇಲೆ ಆ ವ್ಯುತ್ಪತ್ತಿಗೆ ಕೆಲಸವಿಲ್ಲ. ಅಲ್ಲಿ ಅವು ಅಂಕಿತನಾಮಗಳು. ಶಬ್ದವು ಉಳಿಯಬೇಕು, ಅರ್ಥವು ಸುಮ್ಮನಿರಬೇಕು. ನಮ್ಮ ಬೆಂಗಳೂರಿನ ‘4ನೇ ಕ್ರಾಸ್’ ಎಂಬುದನ್ನು ಪರದೇಶದವನೊಬ್ಬನು ‘ನಾಲ್ಕನೆಯ ಶಿಲುಬೆ’ ಎಂದು ತನ್ನ ಭಾಷೆಯಲ್ಲಿ ಬರೆದರೆ ಆಗುವ ಅನರ್ಥವೇ ಇಲ್ಲಿಯೂ ಆಗುವುದು. ಬೀದಿಯ ಮೂಲೆಯಲ್ಲಿರುವ ಹಲಗೆಯ ಮೇಲೆ ಯಾವ ಮಾತಿದೆಯೋ ಚೀಟಿಯ ಮೇಲೆಯೂ ಅದೇ ಇರಬೇಕು.

ಹಾಗಾದರೆ ವಿಳಾಸದಲ್ಲಿ ಅರ್ಥಕ್ಕೆ ಸ್ಥಾನವೇ ಇಲ್ಲವೆ? ‘ಆಗಾರು’ ಎಂಬ ಪದವು ಈ ಶಂಕೆಯನ್ನು ಎಬ್ಬಿಸುತ್ತದೆ. ಅದು ‘ಏರು’ ಎಂಬರ್ಥದ ಕ್ರಿಯಾಪದ. ಕ್ಯೋಟೋ ನಗರವು 794ರಲ್ಲಿ ರಾಜಧಾನಿಯಾಗಿ ಚದುರಂಗದ ಮಣೆಯಂತೆ ನಿರ್ಮಿತವಾದುದು. ಅರಮನೆಯು ಉತ್ತರದಲ್ಲಿ, ಅರಸನು ದಕ್ಷಿಣಾಭಿಮುಖನು. ಅರಮನೆಯ ಕಡೆಗೆ ಹೋಗುವುದು ಏರುವುದು, ಅಲ್ಲಿಂದ ದೂರ ಸರಿಯುವುದು ಇಳಿಯುವುದು. ಹೀಗೆ ‘ಆಗಾರು’ ಎಂದರೆ ಉತ್ತರಕ್ಕೆ, ‘ಸಾಗಾರು’ ಎಂದರೆ ದಕ್ಷಿಣಕ್ಕೆ. ಪೂರ್ವಪಶ್ಚಿಮಗಳಿಗೆ ತಿರುಗಿದರೆ ‘ಇರು’, ಎಂದರೆ ಒಳಹೋಗು, ಎಂಬ ಪದವನ್ನು ಸೇರಿಸುವರು. ಮೇಲಿನ ವಿಳಾಸದ ತಾತ್ಪರ್ಯವು ‘ತೆರಾಮಾಚಿ ಬೀದಿಯಲ್ಲಿ, ಓಇಕೆ ಬೀದಿಯ ಕೂಟದಿಂದ ಉತ್ತರಕ್ಕೆ’ ಎಂದು. ಚಲನೆಯನ್ನು ಹೇಳುವ ಮಾತು ದಿಕ್ಕಿನ ಹೆಸರಾಗುವುದು ಕನ್ನಡಿಗರಿಗೆ ಹೊಸದಲ್ಲ: ಸೂರ್ಯನು ಮೂಡುವ ಕಡೆಯು ಮೂಡಲಾಯಿತು, ಪಡುವ ಕಡೆಯು ಪಡುವಲಾಯಿತು.

ಈ ಪದವನ್ನು ಬಿಟ್ಟುಬಿಡುವಂತೆಯೂ ಇಲ್ಲ. ಕ್ಯೋಟೋ ನಗರದ ಒಂದೇ ವಿಭಾಗದಲ್ಲಿ ಒಂದೇ ಹೆಸರಿನ ಕೇರಿಗಳು ಒಂದಕ್ಕಿಂತ ಹೆಚ್ಚಾಗಿರುವುದುಂಟು. ಯಾವ ಬೀದಿಯಲ್ಲಿ ಯಾವ ಕಡೆಗೆ ಎಂಬುದೇ ಅವನ್ನು ಬೇರ್ಪಡಿಸುವ ಗುರುತು. ಆದುದರಿಂದ ಇಲ್ಲಿ ವಾಚಕರು ಇಬ್ಬರೆಂದು ಭಾವಿಸಬೇಕು. ಪೆಟ್ಟಿಗೆಯನ್ನು ವಿಂಗಡಿಸುವವನಿಗೆ ‘ಆಗಾರು’ ಎಂಬ ಶಬ್ದವೇ ಬೇಕು; ಆದ್ದರಿಂದ ಚೀಟಿಯ ಮೇಲೆ ಅದು ಹಾಗೆಯೇ ನಿಲ್ಲಬೇಕು. ಆ ಮನೆಗೆ ನಡೆದುಹೋಗಬೇಕಾದ ಕನ್ನಡಿಗನಿಗೆ ‘ಉತ್ತರಕ್ಕೆ’ ಎಂಬ ಅರ್ಥವು ಬೇಕು. ಅದನ್ನು ಚೀಟಿಯ ಹೊರಗೆ, ಬೇರೆ ಟಿಪ್ಪಣಿಯಲ್ಲಿ, ಬರೆದುಕೊಡಬೇಕು. ಎರಡನ್ನೂ ಒಂದೇ ಸಾಲಿನಲ್ಲಿ ಬೆರಸಿದರೆ ಇಬ್ಬರಿಗೂ ಉಪಯೋಗವಾಗದು. ಮೈಸೂರಿನ ಕಡೆಗೆ ಹೊರಟ ಪೆಟ್ಟಿಗೆಗೂ ಇದೇ ನಿಯಮ. ಊರು, ಬಡಾವಣೆ, ರಸ್ತೆಗಳ ಹೆಸರು ಮೈಸೂರಿನವರು ಹೇಳುವ ಶಬ್ದದಲ್ಲಿಯೇ, ಜಪಾನಿನವರೂ ಓದಬಲ್ಲ ರೋಮನ್ ಲಿಪಿಯಲ್ಲಿ ಇರಬೇಕು. 1972ರಿಂದ ನಮ್ಮಲ್ಲಿ ಬಳಕೆಗೆ ಬಂದ 6 ಅಂಕಿಗಳ ಪಿನ್ ಸಂಖ್ಯೆಯಿರಬೇಕು. ದೇಶದ ಹೆಸರು ಮಾತ್ರ ಕಳುಹಿಸುವ ದೇಶದವರಿಗೆ ಸುಲಭವಾಗಿ ತಿಳಿಯುವಂತಿರಬೇಕು, ಏಕೆಂದರೆ ಅದನ್ನು ಮೊದಲು ಓದತಕ್ಕವರು ಅವರೇ.

3. ‘ಬೇಡ’ ಎಂಬ ಮಾತಿನ ಎರಡು ಮುಖಗಳು

ಮೂರನೆಯ ಚಿತ್ರದಲ್ಲಿ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ ಎರಡು ಕೆಂಪು ಪಟ್ಟಿಗಳಿದ್ದುವು. ಒಂದರಲ್ಲಿ ‘ತೆನ್‌ಚಿ ಮುಯೋ’ ಎಂದಿತ್ತು. ‘ತೆನ್’ ಆಕಾಶ, ‘ಚಿ’ ಭೂಮಿ. ಕೂಡಿದರೆ ಮೇಲು ಕೆಳಗು. ‘ಮುಯೋ’ ಎಂಬುದರ ಅಕ್ಷರಗಳು ‘ಇಲ್ಲ’ ಮತ್ತು ‘ಉಪಯೋಗ’ ಎಂದು, ಕೂಡಿದರೆ ‘ಬೇಕಾಗಿಲ್ಲ’. ಆದ್ದರಿಂದ ವಿದ್ಯಾರ್ಥಿನಿಯು ‘ಮೇಲು ಕೆಳಗೆಂದು ನೋಡಬೇಕಾಗಿಲ್ಲ’ ಎಂದು ಅನುವಾದಿಸಿ, ಪೆಟ್ಟಿಗೆಯನ್ನು ತಲೆಕೆಳಗಾಗಿ ಕಪಾಟಿನಲ್ಲಿಟ್ಟಿದ್ದಳು. ನಿಜವಾದ ಅರ್ಥವು ಇದಕ್ಕೆ ನೇರ ವಿರುದ್ಧವಾದುದು: ‘ಮೇಲುಕೆಳಗು ಮಾಡಬೇಡಿ’.

ಇದು ಪರದೇಶದವರ ತಪ್ಪು ಮಾತ್ರವಲ್ಲ. ಜಪಾನಿನ ಸಂಸ್ಕೃತಿ ಇಲಾಖೆಯು 2013–14ನೆಯ ಸಾಲಿನಲ್ಲಿ ನಡೆಸಿದ ಭಾಷಾಸಮೀಕ್ಷೆಯಲ್ಲಿ ಈ ಪದವನ್ನು ಕುರಿತು ಕೇಳಿದಾಗ, ಸರಿಯಾದ ಅರ್ಥವನ್ನು ಹೇಳಿದವರು ಅರ್ಧಕ್ಕಿಂತ ತುಸು ಹೆಚ್ಚು ಮಂದಿ. ಹತ್ತರಲ್ಲಿ ಸುಮಾರು ಮೂವರು ನನ್ನ ವಿದ್ಯಾರ್ಥಿನಿಯಂತೆಯೇ ವಿರುದ್ಧಾರ್ಥವನ್ನು ಹೇಳಿದರು. ಕಾರಣವು ‘ಮುಯೋ’ ಎಂಬ ಪದದಲ್ಲಿಯೇ ಇದೆ. ಅದಕ್ಕೆ ‘ಅಗತ್ಯವಿಲ್ಲ’ ಎಂಬ ಅರ್ಥದ ಜೊತೆಗೆ ‘ಕೂಡದು’ ಎಂಬ ನಿಷೇಧದ ಅರ್ಥವೂ ಹಿಂದಿನಿಂದ ಇದೆ. ಇಂದಿನ ಮಾತಿನಲ್ಲಿ ಮೊದಲನೆಯದು ಹೆಚ್ಚಾಗಿ ಉಳಿದು ಎರಡನೆಯದು ಮಾಸುತ್ತಿದೆ. ಮೇಲಾಗಿ ‘ತಿರುವುಮುರುವು ಮಾಡುವುದು’ ಎಂಬ ಕ್ರಿಯೆಯು ಪಟ್ಟಿಯಲ್ಲಿ ಲೋಪವಾಗಿದೆ. ಉಳಿದಿರುವುದು ಮೇಲು, ಕೆಳಗು ಮತ್ತು ಒಂದು ‘ಬೇಡ’.

ನಮ್ಮ ‘ಬೇಡ’ ಎಂಬುದೂ ಹೀಗೆಯೇ ಎರಡು ಮುಖಗಳುಳ್ಳದ್ದೆಂಬುದನ್ನು ಕನ್ನಡದ ಉಪಾಧ್ಯಾಯರು ಗಮನಿಸಬೇಕು. ‘ನನಗೆ ಕಾಫಿ ಬೇಡ’ ಎಂಬಲ್ಲಿ ಅದು ಅಗತ್ಯವಿಲ್ಲವೆಂದು ಹೇಳುತ್ತದೆ. ‘ಅಲ್ಲಿಗೆ ಹೋಗಬೇಡ’ ಎಂಬಲ್ಲಿ ತಡೆಯುತ್ತದೆ. ಕ್ರಿಯಾಪದದೊಡನೆ ಸೇರಿದಾಗ ನಿಷೇಧ, ನಾಮಪದದೊಡನೆ ನಿಂತಾಗ ನಿರಾಕರಣೆ. ‘ಮೇಲುಕೆಳಗು ಬೇಡ’ ಎಂದು ಪಟ್ಟಿಯಲ್ಲಿ ಬರೆದರೆ ಜಪಾನೀ ಪಟ್ಟಿಯ ಸಂದೇಹವೆಲ್ಲ ಕನ್ನಡಕ್ಕೂ ಬರುವುದು. ಕ್ರಿಯೆಯನ್ನು ಹಿಂದಕ್ಕೆ ತಂದು ‘ಮಗುಚಬೇಡಿ’ ಎಂದರೆ ಸಂದೇಹವು ಹೋಗುವುದು.

ಇನ್ನೊಂದು ಪಟ್ಟಿಯಲ್ಲಿ ‘ಶಿತಾಜುಮಿ ಗೆನ್‌ಕಿನ್’ ಎಂದಿತ್ತು: ‘ಕೆಳಪೇರಿಕೆ ಕಟ್ಟುನಿಟ್ಟಾಗಿ ನಿಷಿದ್ಧ’. ಇದನ್ನು ಓದಿದವನು ಈ ಪೆಟ್ಟಿಗೆಯ ಕೆಳಗೆ ಏನನ್ನೂ ಇಡಬಾರದೆಂದು ತಿಳಿಯಬಹುದು. ಅಭಿಪ್ರಾಯವು ಅದಲ್ಲ, ಈ ಪೆಟ್ಟಿಗೆಯನ್ನೇ ಬೇರೆ ಪೆಟ್ಟಿಗೆಗಳ ಕೆಳಗೆ ಇಡಬಾರದೆಂದು. ಜಪಾನೀ ಮಾತು ಪೆಟ್ಟಿಗೆಯು ಸೇರುವ ಸ್ಥಾನವನ್ನು ಹೇಳುತ್ತದೆ. ಹಮಾಲಿಯಾದರೋ ಕೈಯಲ್ಲಿ ಇನ್ನೊಂದು ಪೆಟ್ಟಿಗೆಯನ್ನು ಹಿಡಿದು ನಿಂತಿರುತ್ತಾನೆ. ಅದನ್ನು ಎಲ್ಲಿ ಇಡಬಾರದೆಂಬುದು ಅವನಿಗೆ ತಿಳಿಯಬೇಕು. ಆದ್ದರಿಂದ ಕನ್ನಡದಲ್ಲಿ ‘ಇದರ ಮೇಲೆ ಭಾರ ಹೇರಬೇಡಿ’ ಎಂದು ದೃಷ್ಟಿಯನ್ನು ತಿರುಗಿಸಿ ಹೇಳಬೇಕು. ಶಬ್ದದಲ್ಲಿ ‘ಕೆಳಗೆ’ ಇದ್ದದ್ದು ‘ಮೇಲೆ’ ಆಯಿತು, ಅಭಿಪ್ರಾಯವು ಮಾತ್ರ ಹಾಗೆಯೇ ಉಳಿಯಿತು. ಸೂಚನೆಯ ಅನುವಾದವು ಸರಿಯೋ ತಪ್ಪೋ ಎಂದು ನೋಡುವ ಉಪಾಯವು ಇದು: ಓದಿದವನ ಕೈ ಏನು ಮಾಡುವುದೆಂದು ಊಹಿಸಿ ನೋಡುವುದು.

4. ಸುಂಕದವರಿಗಾಗಿ ವಸ್ತುವಿನ ಹೆಸರು

ಪೆಟ್ಟಿಗೆಯನ್ನು ಮೈಸೂರಿಗೆ ಕಳುಹಿಸಬೇಕಾದರೆ ಸುಂಕದ ಘೋಷಣಾಪತ್ರವನ್ನು ತುಂಬಬೇಕು. 1874ರಲ್ಲಿ ಬರ್ನ್ ನಗರದಲ್ಲಿ ಸ್ಥಾಪಿತವಾದ ವಿಶ್ವ ಅಂಚೆ ಒಕ್ಕೂಟವು ಇದಕ್ಕೆ ಒಂದು ಮಾದರಿಯನ್ನು ಗೊತ್ತುಮಾಡಿದೆ. ಪಾರ್ಸೆಲುಗಳಿಗೆ ಸಲ್ಲುವುದು ಸಿಎನ್ 23 ಎಂಬುದು. ಅದರಲ್ಲಿ ವಸ್ತುವಿನ ವಿವರವಾದ ವರ್ಣನೆ, ಎಣಿಕೆ, ತೂಕ, ಬೆಲೆ, ಅದು ತಯಾರಾದ ದೇಶ ಇವುಗಳಿಗೆ ಕೋಷ್ಟಕಗಳಿವೆ. ಅಂಗಡಿಯವನು ತನ್ನ ಚೀಟಿಯಲ್ಲಿ ‘ಹಿನ್‌ಮೆಯ್’, ಎಂದರೆ ಸರಕಿನ ಹೆಸರು, ಎಂಬಲ್ಲಿ ‘ಜಕ್ಕಾ, ಯುನೋಮಿ’ ಎಂದು ಬರೆದಿದ್ದನು. ವಿದ್ಯಾರ್ಥಿನಿಯು ಮೊದಲು ತಯಾರಿಸಿದ ವರ್ಣನೆಯು ‘ಉಡುಗೊರೆ, ಚಿಲ್ಲರೆ ಸಾಮಾನು, ಪಿಂಗಾಣಿ’ ಎಂದು. ಮೂರು ಪದಗಳಲ್ಲಿ ಒಂದೂ ನಿಲ್ಲುವಂತಿರಲಿಲ್ಲ.

‘ಉಡುಗೊರೆ’ ಎಂಬುದು ಕಳುಹಿಸುವ ಉದ್ದೇಶವೇ ಹೊರತು ವಸ್ತುವಲ್ಲ. ಅದಕ್ಕೆ ಪತ್ರದಲ್ಲಿ ಬೇರೆ ಚೌಕವಿದೆ. ಅಲ್ಲಿ ಗುರುತು ಹಾಕಿದರೆ ಸಾಕು. ‘ಜಕ್ಕಾ’ ಎಂದರೆ ಚಿಲ್ಲರೆ ಸಾಮಾನು. ಅಂಗಡಿಯ ಲೆಕ್ಕಕ್ಕೆ ಅದು ಸಾಕು, ಸುಂಕದ ಅಧಿಕಾರಿಗೆ ಸಾಲದು. ಅವನು ಪೆಟ್ಟಿಗೆಯನ್ನು ತೆರೆಯದೆ ಒಳಗಿರುವುದನ್ನು ಒಂದು ಸಂಖ್ಯೆಯ ಕೆಳಗೆ ತರಬೇಕಾಗಿದೆ. 1988ರಿಂದ ಜಾರಿಯಲ್ಲಿರುವ ಎಚ್‌ಎಸ್ ಎಂಬ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಪ್ರತಿಯೊಂದು ಬಗೆಯ ಸರಕಿಗೂ 6 ಅಂಕಿಗಳ ಸಂಖ್ಯೆಯಿದೆ. ವರ್ಣನೆಯ ಕೆಲಸವು ಆ ಸಂಖ್ಯೆಗೆ ದಾರಿ ತೋರಿಸುವುದು.

‘ಪಿಂಗಾಣಿ’ ಎಂಬ ಪದದ ತೊಡಕು ಇಲ್ಲಿಯೇ ಏಳುವುದು. ಎಚ್‌ಎಸ್ ವರ್ಗೀಕರಣದಲ್ಲಿ ಪೋರ್ಸಲಿನ್ ಎಂಬ ನಯವಾದ ಬಿಳಿಯ ಮಣ್ಣಿನ ಊಟದ ಪಾತ್ರೆಗಳು 6911ನೆಯ ಶೀರ್ಷಿಕೆಗೂ, ಉಳಿದ ಸುಟ್ಟ ಮಣ್ಣಿನ ಊಟದ ಪಾತ್ರೆಗಳು 6912ನೆಯ ಶೀರ್ಷಿಕೆಗೂ ಸೇರುವುವು. ಜಪಾನೀ ಭಾಷೆಯಲ್ಲಿ ಮೊದಲನೆಯದಕ್ಕೆ ‘ಜಿಕಿ’, ಎರಡನೆಯದಕ್ಕೆ ‘ತೋಕಿ’ ಎಂದು ಬೇರೆ ಬೇರೆ ಹೆಸರುಗಳಿವೆ. ಕನ್ನಡದ ಬಳಕೆಯಲ್ಲಿ ಎರಡೂ ಪಿಂಗಾಣಿಯೇ. ಹೀಗಾಗಿ ಜಪಾನೀಯಲ್ಲಿದ್ದ ಭೇದವು ಕನ್ನಡದ ಮೂಲಕ ಹಾದು ಇಂಗ್ಲಿಷಿಗೆ ಹೋಗುವಾಗ ನಡುವೆ ಕಳೆದುಹೋಗುವುದು. ಅಂಗಡಿಯವನ ‘ಯುನೋಮಿ’ ಎಂಬ ಪದವೂ ಸಹಾಯ ಮಾಡದು. ಅದು ಹಿಡಿಯಿಲ್ಲದ ಚಹದ ಲೋಟವೆಂದು ಆಕಾರವನ್ನೂ ಉಪಯೋಗವನ್ನೂ ಹೇಳುವುದೇ ಹೊರತು ಮಣ್ಣನ್ನು ಹೇಳುವುದಿಲ್ಲ. ಕೊನೆಗೆ ಪದವನ್ನು ಬಿಟ್ಟು ವಸ್ತುವನ್ನೇ ಕೇಳಬೇಕಾಯಿತು. ಕಟ್ಟನ್ನು ಬಿಚ್ಚಿ ಒಂದು ಲೋಟವನ್ನು ಬೆಳಕಿಗೆ ಹಿಡಿಯುವಂತೆಯೂ, ಉಗುರಿನಿಂದ ತಟ್ಟುವಂತೆಯೂ ಅವಳಿಗೆ ಬರೆದೆನು. ತೆಳುವಾದ ಜಿಕಿಯಲ್ಲಿ ಬೆಳಕು ತುಸು ಹಾಯುವುದು, ತಟ್ಟಿದರೆ ಗಂಟೆಯಂತೆ ನಾದವಾಗುವುದು. ತೋಕಿಯಲ್ಲಿ ಬೆಳಕು ಹಾಯದು, ಸದ್ದು ಮಂದವಾಗಿರುವುದು. ಲೋಟವು ಬೆಳಕನ್ನು ಬಿಡಲಿಲ್ಲ, ಸದ್ದೂ ಮಂದವಾಗಿದ್ದಿತು. ಮೆರುಗಿಲ್ಲದ ಅಡಿಯು ಹನಿ ನೀರನ್ನು ಹೀರಿತು. ಆದುದರಿಂದ ವರ್ಣನೆಯು ‘ಚಹ ಕುಡಿಯುವ ಲೋಟಗಳು, ಸುಟ್ಟ ಮಣ್ಣಿನವು, ಪೋರ್ಸಲಿನ್ ಅಲ್ಲ, 4’ ಎಂದು ಇಂಗ್ಲಿಷಿನಲ್ಲಿ ಸಿದ್ಧವಾಯಿತು.

ನಮ್ಮಿಂದ ಹೊರಡುವ ಪೆಟ್ಟಿಗೆಗಳಿಗೂ ಇದು ಅನ್ವಯಿಸುವುದು. ‘ಇಳಕಲ್’ ಎಂದರೆ ನಮಗೆ ಊರೂ ಹೌದು, ಸೀರೆಯೂ ಹೌದು. ಪರದೇಶದ ಸುಂಕದವನಿಗೆ ಎರಡೂ ಅಲ್ಲ. ಹತ್ತಿಯೋ ರೇಷ್ಮೆಯೋ, ಉಡುವುದಕ್ಕೋ ಹಾಸುವುದಕ್ಕೋ ಎಂಬುದನ್ನು ಬರೆಯಬೇಕು. ‘ಚಟ್ನಿ ಪುಡಿ’ ಎಂಬುದನ್ನು ಬರಿಯ ‘ಪುಡಿ’ ಎಂದು ಅನುವಾದಿಸಿದರೆ ಪೆಟ್ಟಿಗೆಯು ತನಿಖೆಗೆ ನಿಲ್ಲುವುದು ಆಶ್ಚರ್ಯವಲ್ಲ. ಹುರಿದ ಬೇಳೆ, ಮೆಣಸಿನಕಾಯಿಗಳ ತಿನ್ನುವ ಪುಡಿಯೆಂದು ಬಿಡಿಸಿ ಹೇಳತಕ್ಕದ್ದು. ಹೆಸರು ಎಷ್ಟು ಪ್ರಿಯವಾಗಿದ್ದರೂ ಇಲ್ಲಿ ಅದನ್ನು ಬಿಟ್ಟು ಜಾತಿಯನ್ನು ಹೇಳಬೇಕು. ವಿಳಾಸದಲ್ಲಿ ಶಬ್ದವನ್ನು ಉಳಿಸಿ ಅರ್ಥವನ್ನು ಬಿಟ್ಟೆವು; ಇಲ್ಲಿ ಶಬ್ದವನ್ನೇ ಬಿಡುತ್ತೇವೆ.

5. ಮಸುಕಾದ ಒಂದು ಅಂಕಿ

ಕೊನೆಯ ಚಿತ್ರವು ಅವಳು ಅಂಚೆಗೆ ಕೊಟ್ಟ ಪೆಟ್ಟಿಗೆಯ ಚೀಟಿಯದು. ದೀಪದ ಹೊಳಪು ಬಿದ್ದು ಗುರುತಿನ ಸಂಖ್ಯೆಯಲ್ಲಿ ಮೂರನೆಯ ಅಂಕಿಯು 3 ಎಂದೋ 8 ಎಂದೋ ತಿಳಿಯುತ್ತಿರಲಿಲ್ಲ. ಇಂತಹ ಸಂಖ್ಯೆಯಲ್ಲಿ ಎರಡು ಅಕ್ಷರ, 9 ಅಂಕಿ, ಕೊನೆಗೆ ದೇಶದ ಎರಡು ಅಕ್ಷರಗಳಿರುವುವು; 9ನೆಯ ಅಂಕಿಯು ಮೊದಲಿನ ಎಂಟನ್ನು ಪರೀಕ್ಷಿಸಲೆಂದೇ ಇರುವುದು. ಕಲ್ಪಿತವಾದ CP123456785JP ಎಂಬ ಸಂಖ್ಯೆಯನ್ನು ನೋಡೋಣ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7 ಇವುಗಳಿಂದ ಗುಣಿಸಿ ಕೂಡಿದರೆ 204 ಬರುವುದು. ಅದನ್ನು 11ರಿಂದ ಭಾಗಿಸಿದರೆ ಶೇಷ 6; 11ರಲ್ಲಿ 6ನ್ನು ಕಳೆದರೆ 5. ಸಂಖ್ಯೆಯ 9ನೆಯ ಅಂಕಿಯೂ 5. ಆದ್ದರಿಂದ ಓದಿದ್ದು ಸರಿ. ಮೂರನೆಯ ಅಂಕಿಯನ್ನು 8 ಎಂದು ಓದಿದ್ದರೆ ಮೊತ್ತವು 224, ಶೇಷ 4, ಪರೀಕ್ಷೆಯ ಅಂಕಿ 7 ಆಗಬೇಕಾಗಿದ್ದಿತು. ಆದ್ದರಿಂದ 8 ಸಲ್ಲದು. ಕಳೆದು ಬಂದದ್ದು 10 ಆದರೆ 0 ಎಂದೂ, 11 ಆದರೆ 5 ಎಂದೂ ಬರೆಯುವ ರೂಢಿಯಿದೆ. ಆ ಕಾರಣದಿಂದ ಅಪರೂಪಕ್ಕೆ ಒಂದು ತಪ್ಪು ಓದು ಪರೀಕ್ಷೆಯಲ್ಲಿ ಪಾರಾಗಬಹುದು. ಅಕ್ಷರಗಳನ್ನು ಈ ಲೆಕ್ಕವು ಪರೀಕ್ಷಿಸುವುದಿಲ್ಲವೆಂಬುದನ್ನೂ ನೆನಪಿಡಬೇಕು. ಆದರೂ ಮಸುಕಾದ ಹಸ್ತಪ್ರತಿಗಳನ್ನು ಊಹೆಯಿಂದ ತುಂಬಿ ಅಭ್ಯಾಸವಿರುವ ನಮ್ಮಂತಹವರಿಗೆ, ತನ್ನ ಪಾಠಶುದ್ಧಿಯ ಸಾಧನವನ್ನು ತನ್ನೊಳಗೇ ಇಟ್ಟುಕೊಂಡ ಇಂತಹ ಪಾಠವು ಅಸೂಯೆಯನ್ನು ಹುಟ್ಟಿಸದಿರದು.

ಹೊರಡಿಸುವ ಮುನ್ನ ಪೆಟ್ಟಿಗೆಯ ಎರಡು ಪಕ್ಕಗಳಲ್ಲಿಯೂ, ಯಾವ ಭಾಷೆಯವನಿಗೂ ತಿಳಿಯುವ ಮೇಲ್ಮುಖದ ಎರಡು ಬಾಣಗಳ ಮತ್ತು ಮದ್ಯದ ಲೋಟದ ಚಿಹ್ನೆಗಳನ್ನು ಅಂಟಿಸುವಂತೆ ಹೇಳಿದೆನು. ಅವುಗಳ ಕೆಳಗೆ ಅವಳು ತಾನಾಗಿಯೇ ‘ಒಡೆಯುವ ಸಾಮಾನು, ಮಗುಚಬೇಡಿ, ಮೇಲೆ ಭಾರ ಹೇರಬೇಡಿ’ ಎಂದು ಕನ್ನಡದಲ್ಲಿಯೂ ಬರೆದಳು. ದಾರಿಯುದ್ದಕ್ಕೂ ಅದನ್ನು ಓದಬಲ್ಲವರು ಹೆಚ್ಚಿಲ್ಲ. ಆದರೆ ಪೆಟ್ಟಿಗೆಯನ್ನು ಕೊನೆಗೆ ಹೊರುವವನು ಮೈಸೂರಿನ ಅಂಚೆಯವನು. ಪೆಟ್ಟಿಗೆಯು ಸೇರಿತು, ನಾಲ್ಕು ಲೋಟಗಳೂ ಉಳಿದಿದ್ದುವು.